ಮೂರನೇ ಲೀಕ್ 38ಕ್ಕೇ ಬಂತು: ಕೆಟ್ಟಿದ್ದು ಎರಕವೋ, ಎಣಿಕೆಯೋ?

ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಪಂಪ್ ಬಾಡಿಗಳ ಲೀಕ್ ಟೆಸ್ಟ್ ನೋಡಿಕೊಳ್ಳುವ ಕೆಲಸ ನನ್ನದು. ಎರಕ ಹೊಯ್ದು, ಮರಳು ಉದುರಿಸಿ, ಶಾಟ್ ಬ್ಲಾಸ್ಟ್ ಆದ ಮೇಲೆ ಒಂದೊಂದೇ ಬಾಡಿ ನಮ್ಮ ಟೇಬಲ್‌ಗೆ ಬರುತ್ತದೆ. ಬಾಯಿಗಳನ್ನು ಮುಚ್ಚಿ, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತೇವೆ. ಗುಳ್ಳೆ ಬಂದರೆ ಲೀಕ್. ನೂರಕ್ಕೆ ಎರಡರಂತೆ ಲೀಕ್ ಸಿಗುವುದು ಮೊದಲಿನಿಂದಲೂ ಇದ್ದದ್ದೇ. ಅಂದರೆ ಒಂದು ಬಾಡಿ ಲೀಕ್ ಆಗುವ ಸಂಭವ p = 0.02.

ಒಂದು ದಿನ ಶಿಫ್ಟ್ ಶುರುವಾದ ಮೇಲೆ 30ನೇ ಬಾಡಿ ಲೀಕ್, 36ನೆಯದು ಲೀಕ್, 38ನೆಯದೂ ಲೀಕ್. ಎಕ್ಸೆಲ್ ಶೀಟ್‌ನಲ್ಲಿ ಕೆಂಪು ಬಣ್ಣ ಬಂತು, ಪಕ್ಕದಲ್ಲಿ 0.0026 ಎಂಬ ಅಂಕಿ. ಸಾವಿರಕ್ಕೆ ಮೂರಕ್ಕಿಂತ ಕಡಿಮೆ! ಟೆಸ್ಟ್ ಮಾಡುತ್ತಿದ್ದ ಹುಡುಗ ಓಡಿ ಬಂದು, "ಸರ, ಫರ್ನೇಸ್ ಬಂದ್ ಮಾಡಸೂಣೇನ್ರಿ?" ಎಂದು ಕೇಳಿದ. ಕರಗಿದ ಲೋಹ ಇರುವ ಫರ್ನೇಸ್ ನಿಲ್ಲಿಸುವುದು ಅಂದರೆ ಸುಮ್ನೆ ಮಾತಲ್ಲ. "ಸ್ವಲ್ಪ ತಡಿ, ಮೊದಲು ಈ ಅಂಕಿ ಖರೇನೋ ನೋಡೂಣು" ಎಂದೆ.

ಆವತ್ತಿನಿಂದ ಮೂರು ವಾರ ಇದರ ಹಿಂದೆ ಬಿದ್ದು ಕಂಡುಕೊಂಡದ್ದನ್ನು ಇಲ್ಲಿ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಎರಕ ಆಗಿರದೆ ಬಾಟಲಿ, ಬೇರಿಂಗ್, ಸರ್ಕ್ಯೂಟ್ ಬೋರ್ಡ್ ಏನೇ ಆಗಿರಲಿ, "ಎಷ್ಟನೇ ಪೀಸ್‌ಗೆ ದೋಷ ಸಿಕ್ಕಿತು" ಎಂದು ಎಣಿಸುತ್ತಿದ್ದರೆ ಇದೇ ಜಾಗಗಳಲ್ಲಿ ಹುಡುಕಿ.

ಮೊದಲು: ಯಾವ ಲೆಕ್ಕ ಇದು

ಪ್ರತಿ ಬಾಡಿ ಲೀಕ್ ಆಗುವ ಸಂಭವ ಒಂದೇ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ ಅಂತ ಇಟ್ಟುಕೊಳ್ಳಿ. ಮೊದಲ ಲೀಕ್ ಎಷ್ಟನೇ ಬಾಡಿಗೆ ಬರುತ್ತದೆ ಎನ್ನುವುದಕ್ಕೆ ಜಿಯೊಮೆಟ್ರಿಕ್ ವಿತರಣೆ ಎನ್ನುತ್ತಾರೆ. ಕನ್ನಡದಲ್ಲಿ ಗುಣೋತ್ತರ ಎಂದರೆ ವಿಷಯ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ, ಯಾಕೆಂದರೆ ಪ್ರತಿ ಸಂಖ್ಯೆಯ ಸಂಭವ ಅದರ ಹಿಂದಿನದರ 0.98ರಷ್ಟು, ಅಷ್ಟೇ. ಮೊದಲನೆಯದೇ ಲೀಕ್ ಆಗುವುದು 0.02, ಎರಡನೆಯದಕ್ಕೆ ಮೊದಲ ಲೀಕ್ ಬರುವುದು 0.0196, ಹೀಗೆ ಇಳಿಯುತ್ತಾ ಹೋಗುತ್ತದೆ.

```
P(X = n) = p * (1-p)^(n-1)
```

ಇದರ ಸರಾಸರಿ 1/p, ಅಂದರೆ 50. ಇಲ್ಲೇ ಜನ ಮೊದಲು ಎಡವುವುದು. ಸರಾಸರಿ 50 ಅಂದ ಕೂಡಲೇ 50ರ ಆಸುಪಾಸಿನಲ್ಲಿ ಲೀಕ್ ಬರಬೇಕು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಅರ್ಧದಷ್ಟು ಸಲ ಅದು 35 ಮುಗಿಯುವುದರೊಳಗೆ ಬಂದುಬಿಡುತ್ತದೆ. 10ರ ಒಳಗೆ ಬರುವುದೇ 18 ಪರ್ಸೆಂಟ್. ಆ ಕಡೆ 100 ದಾಟಿದರೂ ಬಾರದೇ ಇರುವುದು 13 ಪರ್ಸೆಂಟ್. ಲೀಕ್ ಬರುವವರೆಗಿನ ಒಂದು ಎಣಿಕೆಯನ್ನು ಓಟ ಎನ್ನೋಣ. ಕೆಲವು ದೊಡ್ಡ ದೊಡ್ಡ ಓಟಗಳು ಸರಾಸರಿಯನ್ನು ಮೇಲಕ್ಕೆ ಎಳೆದಿರುತ್ತವೆ, ಉಳಿದವು ಚಿಕ್ಕವೇ. ಹಾಗಾಗಿ ಹತ್ತಕ್ಕೇ ಒಂದು ಲೀಕ್ ಬಂದರೆ ಅದು ಸುದ್ದಿಯೇ ಅಲ್ಲ.

ಇನ್ನೊಂದು ಮಾತು. 60 ಬಾಡಿ ಚೊಕ್ಕವಾಗಿ ಹೋದವು ಎಂದರೆ "ಇನ್ನೇನು ಬಂತು ಲೀಕ್" ಎನ್ನುವ ಮಾತು ಟೇಬಲ್ ಹತ್ತಿರ ದಿನಾ ಕೇಳುತ್ತೇನೆ. ಈ ಲೆಕ್ಕಕ್ಕೆ ಹಿಂದಿನ ನೆನಪೇ ಇರುವುದಿಲ್ಲ. 60 ಹೋದ ಮೇಲೂ ಮುಂದಿನ ಲೀಕ್‌ಗೆ ಇನ್ನೂ ಸರಾಸರಿ 50 ಬಾಡಿ ಕಾಯಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಇದರಿಂದ ನಮಗೊಂದು ಅನುಕೂಲವೂ ಆಗುತ್ತದೆ.

ಮೊದಲ ಲೀಕ್ ಬಿಟ್ಟು ಮೂರನೇ ಲೀಕ್ ಎಷ್ಟನೆಯದಕ್ಕೆ ಬರುತ್ತದೆ ಎಂದು ಕೇಳಿದರೆ ಅದು ನೆಗೆಟಿವ್ ಬೈನಾಮಿಯಲ್. ಮೂರು ಜಿಯೊಮೆಟ್ರಿಕ್ ಓಟಗಳನ್ನು ಒಂದರ ಹಿಂದೆ ಒಂದು ಜೋಡಿಸಿದಂತೆ. ಸರಾಸರಿ 3/p, ನಮಗೆ 150. ನಮ್ಮದು 38ಕ್ಕೇ ಬಂತು. ಬೇಗ ಬಂದದ್ದು ನಿಜ. ಎಷ್ಟು ಬೇಗ ಎನ್ನುವುದೇ ಪ್ರಶ್ನೆ.

ಚಿಹ್ನೆ ಒಂದು: ಅಂಕಿ ನಂಬಲಾಗದಷ್ಟು ಚಿಕ್ಕದು

ಶೀಟ್‌ನ ಆ ಕೆಂಪು ಚೌಕದ ಮೇಲೆ ಒತ್ತಿ ನೋಡಿದರೆ ಸೂತ್ರ ಹೀಗಿತ್ತು:

```
=NEGBINOM.DIST(35, 3, 0.02, FALSE)
```

ಕೊನೆಯ FALSE ನೋಡಿ. ಹಾಗೆ ಕೊಟ್ಟರೆ ಎಕ್ಸೆಲ್ ಹೇಳುವುದು ಮೂರನೇ ಲೀಕ್ ಸರಿಯಾಗಿ 38ನೇ ಬಾಡಿಗೇ ಬರುವ ಸಂಭವ. 37 ಅಲ್ಲ, 39 ಅಲ್ಲ, 38ಕ್ಕೇ. ಅದು 0.0026 ಆಗಿರಲೇಬೇಕು, ಯಾಕೆಂದರೆ ಮೂರನೇ ಲೀಕ್ ಬೀಳಬಹುದಾದ ಜಾಗಗಳು ನೂರಾರು ಇವೆ, ಒಂದೊಂದಕ್ಕೂ ಸಿಗುವ ಪಾಲು ಚೂರೇ ಚೂರು. ಬೇಕಿದ್ದರೆ ಹೀಗೆ ಪರೀಕ್ಷೆ ಮಾಡಿ. p = 0.02 ಇದ್ದಾಗ ಮೂರನೇ ಲೀಕ್‌ಗೆ ಎಲ್ಲಕ್ಕಿಂತ ಹೆಚ್ಚು ಸಂಭವ ಇರುವ ಜಾಗ 100 ಮತ್ತು 101. ಅಲ್ಲಿಯೂ ಸಂಭವ ಬರೀ 0.0055. ಅಂದರೆ ಎಲ್ಲಾ ಚೆನ್ನಾಗಿದ್ದು, ಅತಿ ಸಹಜವಾದ ಜಾಗದಲ್ಲೇ ಲೀಕ್ ಬಂದರೂ ಈ ಶೀಟ್ ಅರ್ಧ ಪರ್ಸೆಂಟ್ ಅಂತಲೇ ತೋರಿಸುತ್ತಿತ್ತು. ಒಂದು ಪರ್ಸೆಂಟ್‌ಗಿಂತ ಕಡಿಮೆ ಆದರೆ ಕೆಂಪು ಎಂಬ ನಿಯಮ ಇಟ್ಟಿದ್ದರಿಂದ ಅದು ಯಾವಾಗಲೂ ಕೆಂಪೇ.

ನಾವು ಕೇಳಬೇಕಾದ ಪ್ರಶ್ನೆ, ಮೂರನೇ ಲೀಕ್ 38ರಲ್ಲೋ ಅದಕ್ಕೂ ಮೊದಲೋ ಬರುವ ಸಂಭವ ಎಷ್ಟು ಅನ್ನುವುದು. ಅದಕ್ಕೆ TRUE ಬೇಕು:

```
=NEGBINOM.DIST(38-3, 3, 0.02, TRUE)
```

ಉತ್ತರ 0.040. ನೂರಕ್ಕೆ ನಾಲ್ಕು. ಸಾವಿರಕ್ಕೆ ಎರಡೂವರೆ ಎಲ್ಲಿ, ನೂರಕ್ಕೆ ನಾಲ್ಕು ಎಲ್ಲಿ! ಅದರ ಜೊತೆಗೆ, ನಾವು ಇಂಥ ಮೂರು-ಲೀಕ್ ಎಣಿಕೆಯನ್ನು ಒಂದೇ ಸಲ ಮಾಡುವುದಿಲ್ಲ. ಹತ್ತು ಸಲ ಮಾಡಿದರೆ, ಎಲ್ಲಾ ಸರಿಯಿದ್ದಾಗಲೂ ಒಂದು ಸಲವಾದರೂ ಇಷ್ಟು ಬೇಗ ಬರುವ ಸಂಭವ ಮೂರರಲ್ಲಿ ಒಂದು. ಹಾಗಾಗಿ ಈ ಒಂದೇ ಘಟನೆ ಇಟ್ಟುಕೊಂಡು ಫರ್ನೇಸ್ ನಿಲ್ಲಿಸಲು ಕಾರಣ ಇಲ್ಲ. ಹುಡುಗನಿಗೆ ಅದನ್ನೇ ಹೇಳಿ ಕಳಿಸಿದೆ. ಆದರೆ ನೂರಕ್ಕೆ ನಾಲ್ಕು ಅಂದರೆ ಕಣ್ಣು ಮುಚ್ಚಿ ಬಿಡುವ ಅಂಕಿಯೂ ಅಲ್ಲ.

ಚಿಹ್ನೆ ಎರಡು: ಒಂದು ಸಾಫ್ಟ್‌ವೇರ್ ಒಂದು ಹೇಳುತ್ತದೆ, ಇನ್ನೊಂದು ಇನ್ನೊಂದು

ಮೇಲೆ 38 ಎಂದು ಹಾಕದೆ 38-3 ಎಂದು ಹಾಕಿದ್ದೇನೆ, ಗಮನಿಸಿದಿರಾ? ಎಕ್ಸೆಲ್ ಕೇಳುವುದು ಒಟ್ಟು ಪ್ರಯತ್ನ ಎಷ್ಟು ಎಂದಲ್ಲ, "ವಿಫಲ" ಎಷ್ಟು ಎಂದು. ನಮ್ಮ ಲೆಕ್ಕದಲ್ಲಿ ಹುಡುಕುತ್ತಿರುವುದು ಲೀಕ್, ಹಾಗಾಗಿ ಲೀಕ್ ಸಿಗುವುದೇ "ಸಫಲ", ಒಳ್ಳೆಯ ಬಾಡಿಯೇ "ವಿಫಲ". ಮಾತು ಉಲ್ಟಾ ಕೇಳಿಸುತ್ತದೆ, ಗುಣಮಟ್ಟದ ಕೆಲಸದಲ್ಲಿ ಇದಕ್ಕೆ ಒಗ್ಗಿಕೊಳ್ಳಬೇಕು. ಇದರಲ್ಲಿ ಗೊಂದಲ ಆಗಿ p ಜಾಗದಲ್ಲಿ 0.98 ಹಾಕಿದವರನ್ನೂ ನೋಡಿದ್ದೇನೆ. ಹಾಗೆ ಮಾಡಿದರೆ ಉತ್ತರ 1ಕ್ಕೆ ಅಂಟಿಕೊಂಡು ಕೂತಿರುತ್ತದೆ, ತಕ್ಷಣ ಗೊತ್ತಾಗುತ್ತದೆ.

ತಕ್ಷಣ ಗೊತ್ತಾಗದ ತಪ್ಪು ಈ ಪ್ರಯತ್ನ-ವಿಫಲ ಅದಲುಬದಲು. ಒಂದೇ ಹೆಸರಿನ ವಿತರಣೆಯನ್ನು ಒಬ್ಬೊಬ್ಬರು ಒಂದೊಂದು ಕಡೆಯಿಂದ ಎಣಿಸುತ್ತಾರೆ. ಪೈಥಾನ್‌ನ scipyಯಲ್ಲಂತೂ ಎರಡು ಅಕ್ಕಪಕ್ಕದ ಫಂಕ್ಷನ್‌ಗಳೇ ಬೇರೆ ಬೇರೆ ಥರ:

```python
from scipy.stats import geom, nbinom
geom.cdf(10, 0.02)         # 0.183
nbinom.cdf(38-3, 3, 0.02)  # 0.040
```

`geom` ಒಟ್ಟು ಪ್ರಯತ್ನವನ್ನು 1ರಿಂದ ಎಣಿಸುತ್ತದೆ, `nbinom` ವಿಫಲವನ್ನು 0ಯಿಂದ ಎಣಿಸುತ್ತದೆ. R ಬಳಸುವವರಿಗೆ `pgeom` ಕೂಡ ವಿಫಲವನ್ನೇ ಎಣಿಸುತ್ತದೆ, ಅದೇ 0.183 ಬೇಕಿದ್ದರೆ ಅಲ್ಲಿ `pgeom(9, 0.02)` ಎಂದು ಬರೆಯಬೇಕು. ಎಕ್ಸೆಲ್‌ನಲ್ಲಿ ಜಿಯೊಮೆಟ್ರಿಕ್‌ಗೆ ಬೇರೆ ಫಂಕ್ಷನ್ ಇಲ್ಲ, NEGBINOM.DISTನಲ್ಲೇ 3ರ ಜಾಗಕ್ಕೆ 1 ಹಾಕಿಕೊಳ್ಳಬೇಕು.

ಗೊತ್ತುಮಾಡಿಕೊಳ್ಳಲು ನಾನು ಮಾಡುವ ಪರೀಕ್ಷೆ ಒಂದೇ. ಲೀಕ್ ಸಂಖ್ಯೆ ಕೇಳಿದರೆ 1 ಹಾಕಿ, p = 0.5 ಇಟ್ಟು 0 ಕೊಟ್ಟು ನೋಡಿ. 0.5 ಬಂದರೆ ಆ ಫಂಕ್ಷನ್ ವಿಫಲಗಳನ್ನು ಎಣಿಸುತ್ತಿದೆ, 0 ಬಂದರೆ ಪ್ರಯತ್ನಗಳನ್ನು.

ಈ ತಪ್ಪಿನಿಂದ ಎಷ್ಟು ನಷ್ಟ? ನಮ್ಮ ಪ್ರಕರಣದಲ್ಲಿ ಜಾಸ್ತಿ ಇಲ್ಲ. 35ರ ಬದಲು 38 ಹಾಕಿದ್ದರೆ 0.040 ಹೋಗಿ 0.049 ಬರುತ್ತಿತ್ತು. p ಚಿಕ್ಕದಿದ್ದಾಗ ಎರಡು ಮೂರು ಎಣಿಕೆ ಆಚೀಚೆ ಆದರೆ ಹೆಚ್ಚು ಅಲುಗಾಡುವುದಿಲ್ಲ, ಹಾಗಾಗಿಯೇ ಇದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಪೆಟ್ಟು ಬೀಳುವುದು p ದೊಡ್ಡದಿರುವ ಕಡೆ. ಲೀಕ್ ಆದ ಬಾಡಿಯ ಸಣ್ಣ ರಂಧ್ರಗಳಿಗೆ ರೆಸಿನ್ ತುಂಬಿಸಿ ಮುಚ್ಚುವ ಇಂಪ್ರೆಗ್ನೇಷನ್ ಇದೆಯಲ್ಲ, ಒಂದು ಸಲಕ್ಕೆ ಅದು ಹತ್ತರಲ್ಲಿ ಎಂಟು ಬಾಡಿಯನ್ನು ಸರಿಮಾಡುತ್ತದೆ ಎಂದುಕೊಳ್ಳಿ. ಎರಡು ಸಲದೊಳಗೆ ಸರಿಯಾಗುವುದು 0.96. ವಿಫಲ ಕೇಳುವ ಫಂಕ್ಷನ್‌ಗೆ 2 ಎಂದು ಕೊಟ್ಟರೆ ಅದು ಮೂರು ಸಲದ ಉತ್ತರವನ್ನು, ಅಂದರೆ 0.992 ಕೊಡುತ್ತದೆ. ನೂರರಲ್ಲಿ ನಾಲ್ಕು ಬಾಡಿ ಬಿಸಾಡಬೇಕು ಎನ್ನುವುದಕ್ಕೂ ಸುಮಾರು ಒಂದು ಎನ್ನುವುದಕ್ಕೂ ಇರುವ ವ್ಯತ್ಯಾಸ ಅದು.

ಚಿಹ್ನೆ ಮೂರು: ರಿಜಿಸ್ಟರ್‌ನ p ಮತ್ತು ಸ್ಟೋರ್‌ನ p ಹೊಂದುವುದಿಲ್ಲ

ಇಷ್ಟಾದ ಮೇಲೆ ಇನ್ನೊಂದು ಅನುಮಾನ ಬಂತು. 0.02 ಅಂತ ಹಾಕಿದ್ದೇವೆ, ಅದೇ ಸರಿಯೋ ಅಲ್ಲವೋ? ಟೆಸ್ಟ್ ಟೇಬಲ್‌ನ ಹಳೇ ರಿಜಿಸ್ಟರ್ ತೆಗೆದರೆ ಅದರಿಂದ ಬರುವ p ಬೇರೆ, 4.1 ಪರ್ಸೆಂಟ್. ಅದೇ ನಿಜವಾಗಿದ್ದರೆ ಮೂರನೇ ಲೀಕ್ 38ರೊಳಗೆ ಬರುವುದು ಐದರಲ್ಲಿ ಒಂದು ಸಲ ಆಗುವ ಮಾಮೂಲಿ ಸಂಗತಿ. ಆದರೆ ಸ್ಟೋರ್‌ನ ಸ್ಕ್ರ್ಯಾಪ್ ತೂಕದ ಲೆಕ್ಕ 2 ಪರ್ಸೆಂಟ್ ಎನ್ನುತ್ತದೆ. ಯಾವುದನ್ನು ನಂಬುವುದು?

ರಿಜಿಸ್ಟರ್ ಬರೆಯುವ ಪದ್ಧತಿ ಹೀಗಿತ್ತು. ಶಿಫ್ಟ್ ಶುರುವಾದಾಗ 1ರಿಂದ ಎಣಿಕೆ, ಮೊದಲ ಲೀಕ್ ಎಷ್ಟನೆಯದಕ್ಕೆ ಬಂತೋ ಅದನ್ನು ಬರೆಯುವುದು. ಶಿಫ್ಟ್‌ಗೆ 60 ಬಾಡಿ. ಅರವತ್ತರಲ್ಲೂ ಲೀಕ್ ಬಾರದಿದ್ದರೆ ಒಂದು ಅಡ್ಡಗೆರೆ ಎಳೆದು ಬಿಡುವುದು. 20 ಶಿಫ್ಟ್‌ಗಳಲ್ಲಿ 14ರಲ್ಲಿ ಅಂಕಿ ಇತ್ತು, ಆರರಲ್ಲಿ ಅಡ್ಡಗೆರೆ. ಹದಿನಾಲ್ಕು ಅಂಕಿಗಳ ಮೊತ್ತ 344. ಸರಾಸರಿ 24.6. ಅದನ್ನು ತಲೆಕೆಳಗು ಮಾಡಿದರೆ 14/344, ಅಂದರೆ 4.1 ಪರ್ಸೆಂಟ್.

ತಪ್ಪು ಆ ಅಡ್ಡಗೆರೆಯಲ್ಲಿದೆ. 60 ದಾಟುವ ಓಟಗಳೆಲ್ಲಾ ಲೆಕ್ಕದಿಂದ ಹೊರಗೆ ಬಿದ್ದವು. ಉದ್ದನೆಯ ಓಟಗಳನ್ನು ಬಿಟ್ಟು ಚಿಕ್ಕವನ್ನು ಮಾತ್ರ ಸೇರಿಸಿದರೆ ಸರಾಸರಿ ಇಳಿಯಲೇಬೇಕು, ಅಲ್ವಾ? p ನಿಜಕ್ಕೂ 0.02 ಇದ್ದಾಗ, 60ರೊಳಗೆ ಮುಗಿದ ಓಟಗಳ ಸರಾಸರಿ ಲೆಕ್ಕದ ಪ್ರಕಾರವೇ 24.6 ಆಗುತ್ತದೆ, 50 ಅಲ್ಲ. ಅಂದರೆ ರಿಜಿಸ್ಟರ್‌ನ ಅಂಕಿಗಳು ತಪ್ಪಲ್ಲ, ಅವುಗಳಿಂದ p ತೆಗೆದ ರೀತಿ ತಪ್ಪು.

ಸರಿಮಾಡುವುದು ಬಲು ಸುಲಭ. ಅಡ್ಡಗೆರೆಯ ಆರು ಶಿಫ್ಟ್‌ಗಳಲ್ಲಿ ಪರೀಕ್ಷೆ ಮಾಡಿದ 360 ಬಾಡಿಗಳನ್ನೂ ಸೇರಿಸಿ. ಸಿಕ್ಕ ಲೀಕ್ 14, ನೋಡಿದ ಬಾಡಿ 344 + 360 = 704. 14/704 ಅಂದರೆ 1.99 ಪರ್ಸೆಂಟ್. ಸ್ಕ್ರ್ಯಾಪ್ ಲೆಕ್ಕಕ್ಕೆ ಹೊಂದಿತು. ಮುಗಿಯದ ಓಟವೂ ಓಟವೇ, ಅದು "ಇಷ್ಟರವರೆಗೆ ಬಂದಿಲ್ಲ" ಎಂಬ ಮಾಹಿತಿ ಕೊಡುತ್ತದೆ. ಅದನ್ನು ಬಿಸಾಡಬೇಡಿ. ನಿಮ್ಮ ರಿಜಿಸ್ಟರ್‌ನಲ್ಲಿ ದೊಡ್ಡ ಅಂಕಿಯೇ ಇಲ್ಲ, ಎಲ್ಲವೂ ಶಿಫ್ಟ್‌ನ ಲೆಕ್ಕದೊಳಗೇ ನಿಂತಿವೆ ಎಂದರೆ ಮೊದಲು ಇದನ್ನೇ ಅನುಮಾನಿಸಿ.

ಚಿಹ್ನೆ ನಾಲ್ಕು: ಸರಾಸರಿ ಸರಿ, ಆಕಾರ ಸರಿ ಇಲ್ಲ

ಇಲ್ಲಿಯವರೆಗೆ ನೋಡಿದ್ದೆಲ್ಲ ಎಣಿಕೆಯ ದೋಷ. ಎರಕದಲ್ಲೂ ದೋಷ ಇತ್ತು, ಅದು ಸಿಕ್ಕಿದ್ದು ಇಲ್ಲಿ.

ಶಿಫ್ಟ್ ಲೆಕ್ಕ ಬಿಟ್ಟು, ಒಂದು ಲೀಕ್‌ನಿಂದ ಮುಂದಿನ ಲೀಕ್‌ವರೆಗೆ ಎಷ್ಟು ಬಾಡಿ ಎಂದು ಕೊನೆಯ ಹನ್ನೆರಡು ಅಂತರಗಳನ್ನು ಸಾಲಾಗಿ ಬರೆದೆ:

```
140, 3, 1, 131, 2, 96, 4, 1, 118, 96, 6, 2
```

ಕೊನೆಯ 96, 6, 2 ಎನ್ನುವುದೇ ಆ ದಿನದ ಕಥೆ. 96ರಲ್ಲಿ 66 ಹಿಂದಿನ ಶಿಫ್ಟ್‌ಗಳಲ್ಲಿ ಹೋದವು, ಆ ದಿನದ್ದು 30. ಒಟ್ಟು 600, ಸರಾಸರಿ ಸರಿಯಾಗಿ 50. ಸ್ಟ್ಯಾಂಡರ್ಡ್ ಡೀವಿಯೇಶನ್ 60ರ ಹತ್ತಿರ. ಜಿಯೊಮೆಟ್ರಿಕ್ ಆಗಿದ್ದರೆ ಅದು 49.5 ಇರಬೇಕು. ಹನ್ನೆರಡೇ ಅಂಕಿಗಳಿಗೆ 60 ಬಂದರೆ ಯಾರೂ ಬೆಚ್ಚಿ ಬೀಳುವುದಿಲ್ಲ. ಸರಾಸರಿ ಸರಿ, ಡೀವಿಯೇಶನ್ ಪರವಾಗಿಲ್ಲ, ಶೀಟ್ ಮುಚ್ಚಿ ಮನೆಗೆ ಹೋಗಬಹುದಿತ್ತು.

ಆದರೆ ಆ ಸಾಲನ್ನು ಸುಮ್ನೆ ಕಣ್ಣಿನಿಂದ ನೋಡಿ. 10ರ ಒಳಗಿನವು ಏಳು. 10ರಿಂದ 90ರ ನಡುವೆ ಒಂದೂ ಇಲ್ಲ! ಲೆಕ್ಕದ ಪ್ರಕಾರ 10ರ ಒಳಗೆ 18 ಪರ್ಸೆಂಟ್, ಅಂದರೆ ಹನ್ನೆರಡರಲ್ಲಿ ಎರಡು ಇರಬೇಕು. 11ರಿಂದ 90ರ ನಡುವೆ ಎಂಟರಷ್ಟು ಇರಬೇಕು. ಏಳು ಅಥವಾ ಹೆಚ್ಚು ಚಿಕ್ಕ ಅಂತರಗಳು ಆಕಸ್ಮಿಕವಾಗಿ ಬರುವುದು ಸಾವಿರಕ್ಕೆ ಎರಡು ಸಲದ ಮಾತು. ಮೊದಲಿನ ಆ 0.0026ರಷ್ಟೇ ಚಿಕ್ಕದು, ಆದರೆ ಈ ಸಲ ಕೇಳಿದ ಪ್ರಶ್ನೆ ಸರಿಯಾದದ್ದು. ಒಂದು ಎಚ್ಚರಿಕೆ ಹೇಳಬೇಕು. 10 ಎಂಬ ಗಡಿಯನ್ನು ನಾನು ಅಂಕಿ ನೋಡುವ ಮೊದಲೇ ಇಟ್ಟುಕೊಂಡಿದ್ದೆ. ಅಂಕಿ ನೋಡಿದ ಮೇಲೆ "6ರ ಒಳಗೆ ಏಳು ಇವೆ" ಎಂದು ಗಡಿ ಎಳೆದರೆ ಸಂಭವ ಇನ್ನೂ ಚಿಕ್ಕದಾಗಿ ಕಾಣುತ್ತದೆ, ಆದರೆ ಅದು ಬಾಣ ಬಿಟ್ಟ ಮೇಲೆ ಗುರಿ ಬರೆದಂತೆ.

ಇದರ ಅರ್ಥ, ಲೀಕ್‌ಗಳು ಗುಂಪುಗುಂಪಾಗಿ ಬರುತ್ತಿವೆ. ಒಂದು ಬಂದರೆ ಹಿಂದೆಯೇ ಇನ್ನೊಂದೆರಡು, ಆಮೇಲೆ ಬಹಳ ದಿನ ಶಾಂತ. ಪ್ರತಿ ಬಾಡಿಗೂ ಒಂದೇ p ಎಂಬ ನಮ್ಮ ಮೊದಲ ಮಾತೇ ಸುಳ್ಳು. ಎರಡು p ಇವೆ, ಒಂದು ತುಂಬಾ ಕಡಿಮೆ, ಒಂದು ತುಂಬಾ ಜಾಸ್ತಿ. ಎರಡನ್ನೂ ಕಲಸಿದಾಗ ಸರಾಸರಿ 2 ಪರ್ಸೆಂಟ್ ಆಗುತ್ತದೆ. ಇದಕ್ಕೆ ಉಲ್ಟಾ ಆಗುವುದೂ ಇದೆ. ಅಂತರಗಳೆಲ್ಲಾ 48, 51, 50 ಎಂದು ಒತ್ತೊತ್ತಾಗಿ ಬಂದರೆ ಅದು ಚೆನ್ನಾಗಿದೆ ಅಂದುಕೊಳ್ಳಬೇಡಿ. ಅದೂ ಜಿಯೊಮೆಟ್ರಿಕ್ ಅಲ್ಲ. ಸುತ್ತಿ ಸುತ್ತಿ ಬರುವ ಒಂದು ನಿರ್ದಿಷ್ಟ ಮೋಲ್ಡ್‌ನಲ್ಲೋ ಫಿಕ್ಸ್ಚರ್‌ನಲ್ಲೋ ದೋಷ ಇದೆ ಎಂದು ಅರ್ಥ.

ಹಳೇ ರಿಜಿಸ್ಟರ್‌ನಲ್ಲಿ ಈ ಗುಂಪು ಯಾಕೆ ಕಾಣಲಿಲ್ಲ ಎಂದು ಕೇಳಬಹುದು. ಫರ್ನೇಸ್‌ನಲ್ಲಿ ಒಂದು ಸಲ ಕರಗಿಸಿ ಹೊಯ್ಯುವ ಲೋಹಕ್ಕೆ ಒಂದು ಹೀಟ್ ಎನ್ನುತ್ತೇವೆ. ಮೊದಲು ಶಾಟ್ ಬ್ಲಾಸ್ಟ್ ಆದ ಮೇಲೆ ಎಲ್ಲಾ ಹೀಟ್‌ಗಳ ಬಾಡಿಗಳನ್ನು ಒಟ್ಟಿಗೇ ರಾಶಿ ಹಾಕುತ್ತಿದ್ದರು, ಟೇಬಲ್‌ಗೆ ಸಿಕ್ಕಿದ್ದು ಬರುತ್ತಿತ್ತು. ಇತ್ತೀಚೆಗೆ ಹೀಟ್ ನಂಬರ್ ಪ್ರಕಾರ, ಹೊಯ್ದ ಕ್ರಮದಲ್ಲೇ ಕ್ರೇಟ್‌ಗೆ ತುಂಬಲು ಶುರುಮಾಡಿದ್ದೆವು. ರಾಶಿಯಲ್ಲಿ ಕಲಸಿದಾಗ ಕ್ರಮ ಅಳಿಸಿಹೋಗಿ, ಎರಡು p ಬೆರೆತು ಒಂದೇ p ಇದ್ದಂತೆ ಕಂಡಿತ್ತು. ನೀವು ಈ ಪರೀಕ್ಷೆ ಮಾಡಬೇಕಾದರೆ ಟೆಸ್ಟ್ ಮಾಡುವ ಕ್ರಮ ಮತ್ತು ತಯಾರಾದ ಕ್ರಮ ಒಂದೇ ಇರಬೇಕು. ಇಲ್ಲದಿದ್ದರೆ ಅಂತರಗಳು ಏನನ್ನೂ ಹೇಳುವುದಿಲ್ಲ, ಸುಂದರವಾದ ಜಿಯೊಮೆಟ್ರಿಕ್ ಆಕಾರ ತೋರಿಸಿ ನಿಮ್ಮನ್ನು ಸಮಾಧಾನ ಮಾಡಿಬಿಡುತ್ತವೆ.

ಗುಂಪಿನ ಹಿಂದೆ ಏನಿತ್ತು

ಗುಂಪಾಗಿ ಬಂದ ಬಾಡಿಗಳ ಹೀಟ್ ನಂಬರ್ ನೋಡಿದೆವು. ಎಲ್ಲವೂ ಬೆಳಗಿನ ಮೊದಲ ಹೀಟ್‌ನವು, ಅದರಲ್ಲೂ ಮೊದಲ ಕೆಲವು ಅಚ್ಚುಗಳವು. ಎರಡು ಬಾಡಿ ಕೊಯ್ದು ನೋಡಿದರೆ ಒಳಗೋಡೆಯಲ್ಲಿ, ಅಂದರೆ ಒಳಗಿನ ಟೊಳ್ಳು ಬರಲೆಂದು ಅಚ್ಚಿನೊಳಗೆ ಇಡುವ ಮರಳಿನ ಕೋರ್ ತಾಗುವ ಕಡೆ, ನುಣ್ಣನೆ ಗೋಡೆಯ ಚಿಕ್ಕ ಚಿಕ್ಕ ಗುಳ್ಳೆ ತೂತುಗಳು. ಲೋಹ ಕುಗ್ಗಿ ಆದ ತೂತು ಒರಟಾಗಿರುತ್ತದೆ, ಗ್ಯಾಸ್ ಸಿಕ್ಕಿಕೊಂಡು ಆದದ್ದು ಹೀಗೆ ನುಣ್ಣಗಿರುತ್ತದೆ. ಅಲ್ಲಿಂದ ಕೋರ್ ಶಾಪ್‌ಗೆ ಹೋದೆವು. ಹಿಂದಿನ ದಿನ ಮಾಡಿ ಉಳಿದ ಕೋರ್‌ಗಳನ್ನು ರಾತ್ರಿಯಿಡೀ ರ‍್ಯಾಕ್‌ನಲ್ಲಿ ಬಿಟ್ಟು ಬೆಳಗ್ಗೆ ಮೊದಲು ಅವನ್ನೇ ಖಾಲಿ ಮಾಡುತ್ತಿದ್ದರು. ಮರಳಿನ ಕೋರ್ ರಾತ್ರಿ ತೇವ ಎಳೆದುಕೊಳ್ಳುತ್ತದೆ. ಕಾದ ಲೋಹ ಬಿದ್ದಾಗ ಆ ತೇವ ಗ್ಯಾಸ್ ಆಗಿ ಲೋಹದೊಳಗೆ ನುಗ್ಗುತ್ತದೆ.

ಇದು ಊಹೆಯಾಗಿಯೇ ಉಳಿಯಬಾರದು ಎಂದು ಮುಂದಿನ 300 ಬಾಡಿಗಳಿಗೆ ಕೋರ್ ಮಾಡಿದ ತಾರೀಖು ಬರೆಸಿದೆವು. ರಾತ್ರಿ ಉಳಿದ ಕೋರ್‌ನ 40 ಬಾಡಿಗಳಲ್ಲಿ 5 ಲೀಕ್. ಅದೇ ದಿನದ ಕೋರ್‌ನ 260ರಲ್ಲಿ 1. ಒಟ್ಟು 300ಕ್ಕೆ 6, ಅದೇ ಹಳೇ 2 ಪರ್ಸೆಂಟ್. ಆದರೆ ಆ 2ರ ಒಳಗೆ 12.5 ಮತ್ತು 0.4 ಎಂಬ ಎರಡು ಬೇರೆ ಬೇರೆ ಪ್ರಪಂಚಗಳಿದ್ದವು.

ಸರಿಯಾಯಿತು ಎಂದು ಹೇಳುವುದು ಹೇಗೆ

ಉಳಿದ ಕೋರ್‌ಗಳನ್ನು ಓವನ್‌ನಲ್ಲಿ ಮತ್ತೆ ಒಣಗಿಸದೆ ಬಳಸಬಾರದು ಎಂದು ನಿಯಮ ಮಾಡಿದರು. ಆಮೇಲೆ ಎಷ್ಟು ಬಾಡಿ ಚೊಕ್ಕವಾಗಿ ಹೋದರೆ ನಂಬಬಹುದು? p ಇನ್ನೂ 0.02 ಆಗಿಯೇ ಇದ್ದರೆ n ಬಾಡಿಗಳಲ್ಲಿ ಒಂದೂ ಲೀಕ್ ಬಾರದಿರುವ ಸಂಭವ 0.98^n. ಇದು 5 ಪರ್ಸೆಂಟ್‌ಗಿಂತ ಕೆಳಗೆ ಇಳಿಯುವುದು 149ಕ್ಕೆ. ಹಾಗಾಗಿ 149 ಎಂದು ಮೊದಲೇ ಗೋಡೆಯ ಮೇಲೆ ಬರೆದೆವು. ಎಣಿಕೆಯನ್ನು ಹಿಂದಿನ ಲೀಕ್‌ನಿಂದ ಶುರುಮಾಡಲಿಲ್ಲ, ಹೊಸ ನಿಯಮ ಬಂದ ಮೇಲಿನ ಮೊದಲ ಹೀಟ್‌ನಿಂದ ಶುರುಮಾಡಿದೆವು. ಹಿಂದಿನ ನೆನಪು ಇರುವುದಿಲ್ಲ ಎಂದು ಆಗಲೇ ಹೇಳಿದ್ದು ಇಲ್ಲಿ ಕೆಲಸಕ್ಕೆ ಬಂತು, ಎಲ್ಲಿಂದ ಎಣಿಸಿದರೂ ಲೆಕ್ಕ ಅದೇ.

ಮೊದಲ ಲೀಕ್ ಬಂದದ್ದು 212ಕ್ಕೆ. ಹಳೇ p ಇದ್ದಿದ್ದರೆ 211 ಸಾಲಾಗಿ ಚೊಕ್ಕವಾಗಿ ಹೋಗುವುದು ನೂರಕ್ಕೆ ಒಂದೂವರೆಗಿಂತ ಕಡಿಮೆ. ಮ್ಯಾನೇಜರ್ ಕೂಡಲೇ "ಹಂಗಾದ್ರ ಈಗ 212ಕ್ಕ ಒಂದಲ್ರೀ?" ಎಂದರು. ಹಾಗೆ ಹೇಳಲು ಬರುವುದಿಲ್ಲ. ಲೀಕ್ ಸಿಕ್ಕ ಕ್ಷಣಕ್ಕೇ ಎಣಿಕೆ ನಿಲ್ಲಿಸಿ ಭಾಗಿಸಿದರೆ p ಸರಾಸರಿಯಲ್ಲಿ ಹೆಚ್ಚಾಗಿ ಕಾಣುತ್ತದೆ, ಯಾಕೆಂದರೆ ಯಾವಾಗಲೂ ಕೆಟ್ಟ ಗಳಿಗೆಯಲ್ಲೇ ಎಣಿಕೆ ಮುಗಿಯುತ್ತದೆ. ಬ್ರಿಟಿಷ್ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ 1945ರಲ್ಲಿ ಇದಕ್ಕೆ ಪರಿಹಾರ ತೋರಿಸಿದರು. ಆಮೇಲೆ 1957ರಲ್ಲಿ ಭಾರತಕ್ಕೇ ಬಂದು ನೆಲೆಸಿ, ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್. r ಲೀಕ್ ಸಿಗುವವರೆಗೆ n ಬಾಡಿ ನೋಡಿದ್ದರೆ, r/n ಬೇಡ, ಇದನ್ನು ಬಳಸಿ:

```
(r - 1) / (n - 1)
```

ಒಂದೇ ಲೀಕ್‌ಗೆ ಇದು 0 ಕೊಡುತ್ತದೆ, ಉಪಯೋಗವಿಲ್ಲ, ಹಾಗಾಗಿ ಮೂರು ಬರುವವರೆಗೆ ಕಾದೆವು. ಮೂರನೆಯದು 590ಕ್ಕೆ ಬಂತು. 3/590 ಅಂದರೆ 0.51 ಪರ್ಸೆಂಟ್, ಹಾಲ್ಡೇನ್ ಸೂತ್ರದಲ್ಲಿ 2/589, 0.34 ಪರ್ಸೆಂಟ್. ಮೂರೇ ಲೀಕ್‌ಗಳ ಮೇಲೆ ನಿಂತ ಅಂಕಿ ಇದು, ಇನ್ನೂ ಅಲುಗಾಡುತ್ತದೆ. ಅದಕ್ಕೇ ಅಲಾರ್ಮ್‌ಗೆ ಸ್ವಲ್ಪ ಜಾಸ್ತಿ ಹಿಡಿದು 0.005 ಇಟ್ಟುಕೊಂಡೆವು.

ಹೊಸ ಅಲಾರ್ಮ್ ಗುಂಪನ್ನೇ ಹಿಡಿಯುವಂತಿರಬೇಕು. ಒಂದು ಲೀಕ್ ಬಂದ ತಕ್ಷಣ ಎಣಿಕೆ 0 ಮಾಡುವುದು, ಅಲ್ಲಿಂದ ಮುಂದಿನ ಎರಡು ಲೀಕ್‌ಗಳು 30 ಬಾಡಿಗಳೊಳಗೆ ಬಂದರೆ ಕೆಂಪು.

```
=NEGBINOM.DIST(30-2, 2, 0.005, TRUE)
```

ಇದರ ಉತ್ತರ 0.0099, ಎಲ್ಲಾ ಸರಿಯಿದ್ದಾಗ ನೂರು ಎಣಿಕೆಗೆ ಒಂದು ಸುಳ್ಳು ಕೂಗು. ಹಳೇ ಹನ್ನೆರಡು ಅಂತರಗಳ ಮೇಲೆ ಓಡಿಸಿ ನೋಡಿದೆ. ನಾಲ್ಕು ಗುಂಪುಗಳಲ್ಲಿ ಮೂರನ್ನು ಹಿಡಿಯಿತು: 3, 1 ಇದ್ದದ್ದು, 4, 1 ಇದ್ದದ್ದು, ಮತ್ತು ಆ ದಿನದ 6, 2. ಎರಡೇ ಲೀಕ್ ಇದ್ದ ಗುಂಪು ತಪ್ಪಿಸಿಕೊಂಡಿತು. ಈಗ ಚೌಕ ಕೆಂಪಾದರೆ ಹುಡುಗ ಫರ್ನೇಸ್ ಬಗ್ಗೆ ಕೇಳುವುದಿಲ್ಲ, ಮೊದಲು ಕೋರ್‌ನ ತಾರೀಖು ನೋಡಲು ಹೋಗುತ್ತಾನೆ.